ಒಂದೇ ಬ್ರಾಕೆಟ್: ಹೊರಗಿನವರಿಗೆ 540, ಜರ್ಮನಿಯ ಗ್ರೂಪ್ ಕಂಪನಿಗೆ 460

ಮಾಲೂರು_ಲೆಡ್ಜರ್: ನಮ್ಮದು ನರಸಾಪುರದ ಘಟಕ. 2024–25ರಲ್ಲಿ ಒಂದೇ ಅಲ್ಯೂಮಿನಿಯಂ ಬ್ರಾಕೆಟ್ಟನ್ನು ಇಲ್ಲಿನ ಗಿರಾಕಿಗೆ 540 ರೂಪಾಯಿಯಂತೆ 12,000 ಪೀಸು, ಜರ್ಮನಿಯ ಗ್ರೂಪ್ ಕಂಪನಿಗೆ 460ರಂತೆ 2,40,000 ಪೀಸು ಮಾರಿದ್ದೇವೆ. "ಪೀಸಿಗೆ 80 ಕಡಿಮೆ ಯಾಕೆ?" ಅಂತ ಗ್ರೂಪ್ ಕಂಪನಿಗಳ ನಡುವಿನ ಬೆಲೆ ನೋಡುವ ಆದಾಯ ತೆರಿಗೆಯ ಟ್ರಾನ್ಸ್‌ಫರ್ ಪ್ರೈಸಿಂಗ್ ಅಧಿಕಾರಿ, ಅಂದರೆ ಟಿಪಿಒ, ನೋಟಿಸ್ ಕಳಿಸಿದ್ದಾರೆ. 460 ತಪ್ಪೇ?

ವೇಮಗಲ್_ವಾಸಿ: ತಲೆ ಕೆಡಿಸ್ಕೋಬೇಡಿ. ಕಾಸ್ಟ್ ಮೇಲೆ ಇಷ್ಟು ಅಂತ ಅಗ್ರಿಮೆಂಟ್ ಇದ್ದರೆ ಅದೇ ಆರ್ಮ್ಸ್ ಲೆಂತ್ ಬೆಲೆ, ಅಂದರೆ ಸಂಬಂಧವಿಲ್ಲದವರ ನಡುವೆ ಕುದುರುವ ಬೆಲೆ. ಸಾಲದ್ದಕ್ಕೆ ಶೇ. 3ರ ವಿನಾಯಿತಿ ಇದೆ, ಮೀರಿದ ಭಾಗಕ್ಕೆ ಮಾತ್ರ ತೆರಿಗೆ.

ಕೋಟೆ_ಲೆಕ್ಕ: ವಿನಾಯಿತಿ ಇರೋದು ನಿಜ. ಉಳಿದ ಎರಡು ಮಾತು ಹಾಗಲ್ಲ ಸರ್. ಅಗ್ರಿಮೆಂಟಿನ ಎರಡೂ ತುದಿಯಲ್ಲಿ ಒಂದೇ ಗ್ರೂಪಿನ ಸಹಿ ಇರುತ್ತದೆ. ಬೆಲೆ ಹೇಗೆ ಕಟ್ಟಿದರು ಅನ್ನೋದಕ್ಕೆ ಅದು ಕಾಗದ, ಹೊರಗಿನವನೂ ಅದೇ ಬೆಲೆಗೆ ಒಪ್ಪುತ್ತಿದ್ದ ಅನ್ನೋದಕ್ಕೆ ಸಾಕ್ಷಿ ಅಲ್ಲ. ಇನ್ನು ಶೇ. 3 ಅನ್ನೋದು ಹೊಸ್ತಿಲು. ಬೆಲೆಗಳ ವ್ಯತ್ಯಾಸ ಅದರೊಳಗಿದ್ದರೆ ನಿಮ್ಮ ಬೆಲೆಯೇ ನಿಲ್ಲುತ್ತದೆ, ದಾಟಿದರೆ ಪೂರ್ತಿ ವ್ಯತ್ಯಾಸ ಆದಾಯಕ್ಕೆ ಸೇರುತ್ತದೆ.

ಲೆಡ್ಜರ್ ಅವರೇ, 540 ಮತ್ತು 460 ಒಂದೇ ಸರಕಿನ ಬೆಲೆಗಳೇ ಅಲ್ಲ ಅಂತ ತೋರಿಸೋದೇ ನಿಮ್ಮ ಕೆಲಸ. ಎರಡು ಇನ್‌ವಾಯ್ಸ್ ಪಕ್ಕಪಕ್ಕ ಇಟ್ಟು ಹೇಳಿ: ಸಾಗಣೆ ಯಾರದು, ಕ್ರೆಡಿಟ್ ಎಷ್ಟು ದಿನ, ವಾರಂಟಿ ಯಾರ ತಲೆಗೆ, ಡೈ, ಅಂದರೆ ಅಚ್ಚು, ಯಾರದು?

ಮಾಲೂರು_ಲೆಡ್ಜರ್: ಇಲ್ಲಿನ ಗಿರಾಕಿಗೆ ಅವರ ಗೇಟ್‌ವರೆಗೆ ನಾವೇ ಸಾಗಿಸುತ್ತೇವೆ, ಪೀಸಿಗೆ 18. 90 ದಿನ ಕ್ರೆಡಿಟ್, ವಾರಂಟಿ ನಮ್ಮದೇ. ಮಾರಾಟಕ್ಕೆ ಇಬ್ಬರು ಹುಡುಗರು, ಸ್ಯಾಂಪಲ್ ಖರ್ಚು ಎಲ್ಲ ಸೇರಿ ಪೀಸಿಗೆ 14. ಡೈ ನಾವು ಮಾಡಿಸಿದ್ದು, ಅದರ ಪಾಲು 22. ಜರ್ಮನಿಗೆ ಎಕ್ಸ್-ವರ್ಕ್ಸ್, ಅಂದರೆ ನಮ್ಮ ಗೇಟಿನಿಂದ ಸಾಗಣೆ ಅವರದೇ, 30 ದಿನ, ವಾರಂಟಿ ಇಲ್ಲ. ಡೈ ಅವರದೇ, ಕಳಿಸಿಕೊಟ್ಟಿದ್ದಾರೆ.

ಗೌರಿಬಿದನೂರು_ಜಿಎಸ್‌ಟಿ: ನಮ್ಮದೂ ಇದೇ ಕಥೆ. ವೇಮಗಲ್ ಘಟಕದಿಂದ ಪುಣೆಯ ನಮ್ಮದೇ ಶಾಖೆಗೆ ಮಾಲು ಹೋಗುತ್ತೆ. ವಿದೇಶದ ಗ್ರೂಪ್ ಕಂಪನಿ ಜೊತೆಗಿನ ವ್ಯವಹಾರಕ್ಕೆ ಸಿಎ ಕೊಡುವ 3ಸಿಇಬಿ ವರದಿ ನಾವೂ ಹಾಕಬೇಕಾ?

ಕೋಟೆ_ಲೆಕ್ಕ: ಇಲ್ಲ ಮೇಡಂ, ನಿಮ್ಮದು ಬೇರೆ ಕಥೆ. ಒಂದೇ ಪ್ಯಾನ್ ಅಡಿ ಎರಡು ರಾಜ್ಯದ ಶಾಖೆ ಅಂದರೆ ಅದು ಜಿಎಸ್‌ಟಿಯ ನಿಯಮ 28ರ ವಿಷಯ. ಪುಣೆಗೆ ಪೂರ್ತಿ ಇನ್‌ಪುಟ್ ಕ್ರೆಡಿಟ್ ಸಿಗುವುದಾದರೆ ಇನ್‌ವಾಯ್ಸಲ್ಲಿ ಬರೆದ ಬೆಲೆಯನ್ನೇ ಮಾರುಕಟ್ಟೆ ಬೆಲೆ ಅಂತ ಒಪ್ಪುತ್ತಾರೆ. ವಿದೇಶಿ ಕಂಪನಿಯ ಭಾರತದ ಶಾಖೆ ಮತ್ತು ಹೊರಗಿನ ಹೆಡ್ ಆಫೀಸ್ ನಡುವೆ ಆದರೆ ಮಾತ್ರ, ಕಂಪನಿ ಒಂದೇ ಆದರೂ, ಟ್ರಾನ್ಸ್‌ಫರ್ ಪ್ರೈಸಿಂಗ್ ಬರುತ್ತದೆ.

ಲೆಡ್ಜರ್ ಅವರೇ, 540ರಿಂದ ಇಳಿಯೋಣ. ಸಾಗಣೆ 18, ಮಾರಾಟದ ಖರ್ಚು 14, ಡೈ 22 ಕಳೆಯಿರಿ. ಕ್ರೆಡಿಟ್ಟಿನ 60 ದಿನದ ಅಂತರಕ್ಕೆ ನಿಮ್ಮ ಬ್ಯಾಂಕ್ ಬಡ್ಡಿ ಶೇ. 9 ಅಂತ ಹಿಡಿದರೆ ಹತ್ತಿರಹತ್ತಿರ 8. ವಾರಂಟಿಗೆ ಹಿಂದಿನ ವರ್ಷಗಳಲ್ಲಿ ನಿಜವಾಗಿ ಖರ್ಚಾದದ್ದು ಮಾರಾಟದ ಶೇ. 1.5 ಇದ್ದರೆ ಇನ್ನೊಂದು 8. ಒಟ್ಟು 70 ಹೋಗಿ 470 ಉಳಿಯಿತು.

ವೇಮಗಲ್_ವಾಸಿ: ಹಾಗಾದರೆ ಉಳಿದ 10 ರೂಪಾಯಿ ಕ್ವಾಂಟಿಟಿ ಡಿಸ್ಕೌಂಟ್ ಅಂತ ಬರೆದುಬಿಡಿ, ಮುಗೀತು.

ಕೋಟೆ_ಲೆಕ್ಕ: ಬರೆದರೆ ಮೊದಲು ಬೀಳೋದೇ ಅದು. ಹೊರಗಿನವರಿಗೆ ಕೊಟ್ಟ ಕೊಟೇಶನ್‌ನಲ್ಲಿ ಪ್ರಮಾಣದ ಸ್ಲ್ಯಾಬ್ ಇಲ್ಲದಿದ್ದರೆ ಆ ಡಿಸ್ಕೌಂಟ್ ನಿಮ್ಮ ಕಲ್ಪನೆ ಅಂತಾರೆ. ಅದರ ಬದಲು ಶಾಪ್ ಫ್ಲೋರಿಗೆ ಹೋಗಿ ಸಿಎನ್‌ಸಿ ಲಾಗ್ ತೆಗೆಸಿ. ಲಾಟ್ ಬದಲಾದಾಗಲೆಲ್ಲ ಫಿಕ್ಸ್ಚರ್ ಬಿಚ್ಚಿ ಕಟ್ಟಿ, ಮೊದಲ ಪೀಸ್ ಅಳೆದು ಪಾಸ್ ಮಾಡೋಷ್ಟರಲ್ಲಿ ಮೆಷಿನ್ ಎಷ್ಟು ಹೊತ್ತು ಸುಮ್ಮನೆ ನಿಲ್ಲುತ್ತದೆ?

ಮಾಲೂರು_ಲೆಡ್ಜರ್: ಪ್ರೊಡಕ್ಷನ್‌ನವರನ್ನು ಕೇಳಿದೆ. ಒಂದು ಬದಲಾವಣೆಗೆ 50 ನಿಮಿಷ, ಮೆಷಿನ್ ಗಂಟೆಗೆ 1,800. ಲೋಕಲ್ ಲಾಟ್ 250 ಪೀಸು, ಜರ್ಮನಿಯದು 5,000.

ಕೋಟೆ_ಲೆಕ್ಕ: ಅಲ್ಲಿಗೆ ಒಂದು ಬದಲಾವಣೆಗೆ 1,500 ರೂಪಾಯಿ. ಲೋಕಲ್ ಪೀಸಿಗೆ 6 ರೂಪಾಯಿ, ಜರ್ಮನಿ ಪೀಸಿಗೆ 30 ಪೈಸೆ. ಅಂತರ 5.70. ಇದು ಡಿಸ್ಕೌಂಟ್ ಅಲ್ಲ, ಖರ್ಚು, ತಾರೀಖು ಸಮೇತ ಲಾಗ್‌ನಲ್ಲಿದೆ. ಈಗ ಹೋಲಿಕೆಯ ಬೆಲೆ 464.30. ನಿಮ್ಮ 460ಕ್ಕೆ ಶೇ. 3 ಸೇರಿಸಿದರೆ 473.80 ಆಗುತ್ತದೆ, ಅದರೊಳಗೇ ಇದ್ದೀರಿ.

ಆದರೆ ಡೈ ಬಗ್ಗೆ ಹುಷಾರು. ಜರ್ಮನಿಯಿಂದ ಡೈ ಬಂದದ್ದಕ್ಕೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ, ಲೋಕಲ್ ಡೈನ ಬಿಲ್ಲು, ಅದನ್ನು ಎಷ್ಟು ಪೀಸಿಗೆ ಹಂಚಿದಿರಿ ಅನ್ನೋ ಲೆಕ್ಕ, ಮೂರೂ ಬೇಕು. ಆ 22 ಬಿದ್ದುಹೋದರೆ ಬೆಲೆ 486.30ಕ್ಕೆ ಏರುತ್ತದೆ, ಹೊಸ್ತಿಲು ದಾಟುತ್ತೀರಿ, ಪೀಸಿಗೆ 26.30ರಂತೆ 63,12,000 ರೂಪಾಯಿ ಆದಾಯಕ್ಕೆ ಸೇರುತ್ತದೆ. ಪುಕ್ಕಟೆ ಬಂದ ಡೈಯನ್ನು 3ಸಿಇಬಿಯಲ್ಲಿ ತೋರಿಸಿದ್ದೀರಾ ಅಂತಲೂ ನೋಡಿ. ಅಲ್ಲಿ ಬಿಟ್ಟು, ಈಗ ವಾದದಲ್ಲಿ ಮಾತ್ರ ತಂದರೆ ಟಿಪಿಒ ನಂಬೋದು ಕಷ್ಟ.

ಚಿಂತಾಮಣಿ_ಸಿಎ: ಕೋಟೆಯವರೇ, ಲೆಕ್ಕ ಚೆನ್ನಾಗಿದೆ, ಹಾದಿ ನನಗೆ ಒಪ್ಪಿಗೆ ಇಲ್ಲ. ಇಲ್ಲಿನ ಮಾರುಕಟ್ಟೆ ಬೇರೆ, ಜರ್ಮನಿಯದು ಬೇರೆ. ಆದಾಯ ತೆರಿಗೆಯ ನಿಯಮ 10ಬಿ ಕೂಡ ಸ್ಥಳ, ಮಾರುಕಟ್ಟೆಯ ಗಾತ್ರ ನೋಡಿ ಅನ್ನುತ್ತದೆ. ಇಷ್ಟೊಂದು ಹೊಂದಾಣಿಕೆ ಬೇಕಾದ ಕಡೆ ಬೆಲೆಗೆ ಬೆಲೆ ಹೋಲಿಸುವ ಸಿಯುಪಿ ವಿಧಾನವನ್ನೇ ಬಿಟ್ಟು, ಇನ್ನೊಂದು ವಿಧಾನ ಟಿಎನ್‌ಎಂಎಂನಲ್ಲಿ ಲಾಭದ ಪ್ರಮಾಣ ಹೋಲಿಸಬೇಕು. ಆರು ಅಥವಾ ಹೆಚ್ಚು ಹೋಲಿಕೆಯ ಕಂಪನಿ ಸಿಕ್ಕರೆ 35ರಿಂದ 65ನೇ ಪರ್ಸೆಂಟೈಲ್ ಒಳಗೆ ಬಂದರೆ ಸಾಕು.

ಕೋಟೆ_ಲೆಕ್ಕ: ಒಳಗೆ ಬರದಿದ್ದರೆ ಮಧ್ಯದ ಅಂಕಿಗೇ ಎಳೆಯುತ್ತಾರೆ, ಶೇ. 3 ಅಲ್ಲಿ ಕೈಹಿಡಿಯಲ್ಲ. ಜೊತೆಗೆ ಟಿಎನ್‌ಎಂಎಂಗೆ ಲೋಕಲ್ ಮತ್ತು ಎಕ್ಸ್‌ಪೋರ್ಟ್ ಲಾಭ ಬೇರೆಬೇರೆ ತೋರಿಸಬೇಕು. ಪವರ್ ಬಿಲ್ಲನ್ನು ಮಾರಾಟದ ಮೊತ್ತದ ಮೇಲೆ ಹಂಚಿದರೆ ಒಂದು ಉತ್ತರ, ಮೆಷಿನ್ ಗಂಟೆಯ ಮೇಲೆ ಹಂಚಿದರೆ ಇನ್ನೊಂದು. ನೋಟಿಸ್ ಬಂದ ಮೇಲೆ ಹಂಚಿದ ಲೆಕ್ಕ ಅಂತ ಗೊತ್ತಾದರೆ ಅದನ್ನೇ ಹಿಡಿಯುತ್ತಾರೆ. ಹಾಗಂತ ಮಾರುಕಟ್ಟೆ ಬೇರೆ ಅನ್ನೋ ನಿಮ್ಮ ಮಾತನ್ನು ನಾನು ತಳ್ಳಿಹಾಕಲ್ಲ.

ಚಿಂತಾಮಣಿ_ಸಿಎ: ಮತ್ತೆ ನಿಮ್ಮ ಶೇ. 3ಕ್ಕೂ ಒಂದು ತಕರಾರಿದೆ. ಸಿಕ್ಕಿದ್ದು ಒಂದೇ ಹೋಲಿಕೆಯ ಬೆಲೆ. ಒಂದಕ್ಕಿಂತ ಹೆಚ್ಚು ಬೆಲೆಯ ಸರಾಸರಿ ತೆಗೆದಾಗ ಮಾತ್ರ ಆ ವಿನಾಯಿತಿ ಅಂತ ಇಲಾಖೆ ವಾದಿಸಬಹುದು.

ಕೋಟೆ_ಲೆಕ್ಕ: ವಾದಿಸಬಹುದು, ಒಪ್ಪಿದೆ. ಆಗ 4.30ರಂತೆ 10,32,000 ಸೇರಿಸುತ್ತಾರೆ. ಲಾಗ್ ತೆಗೆಸಿ ಪೈಸೆ ಲೆಕ್ಕ ಮಾಡಿಸಿದ್ದು ಅದಕ್ಕೇ. ಏನೂ ಹೇಳದೆ 80 ಒಪ್ಪಿಕೊಂಡಿದ್ದರೆ 1,92,00,000. ಒಂದು ಕೋಟಿ ದಾಟಿದ ಮೊತ್ತ ಒಪ್ಪಿಕೊಂಡರೆ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 92ಸಿಇ ಬರುತ್ತದೆ: ಆ ಹಣ ಜರ್ಮನಿಯಿಂದ ವಾಪಸ್ ತರಿಸಬೇಕು, ತರದಿದ್ದರೆ ಸಾಲ ಕೊಟ್ಟ ಹಾಗೆ ಬಡ್ಡಿ ಹಾಕುತ್ತಾರೆ.

ಮಾಲೂರು_ಲೆಡ್ಜರ್: ಸರ್, ಲೋಕಲ್ ಡೈನ ಬಿಲ್ ಸಿಕ್ಕಿತು. ಪೀಸಿಗೆ ಹಂಚಿದ ಹಾಳೆ ಮಾತ್ರ ಇಲ್ಲ, 22 ಅನ್ನೋದು ಕೊಟೇಶನ್‌ನಲ್ಲಿದೆ ಅಷ್ಟೆ.

ಕೋಟೆ_ಲೆಕ್ಕ: ಕೊಟೇಶನ್ ಗಿರಾಕಿಗೆ ಹೋದದ್ದು ತಾನೇ, ಆಗಿನ ಮೇಲ್ ಸಮೇತ ಹಾಕಿ. ಬಿಲ್ ಮೊತ್ತವನ್ನು 22ರಿಂದ ಭಾಗಿಸಿ ನೋಡಿ. ಬರುವ ಸಂಖ್ಯೆ ಡೈನ ಆಯುಷ್ಯಕ್ಕೆ ಹೊಂದಿದರೆ ನಿಲ್ಲುತ್ತದೆ. ಹೊಂದದಿದ್ದರೆ ಎಷ್ಟು ಹೊಂದುತ್ತದೋ ಅಷ್ಟನ್ನೇ ಕೇಳಿ.