‘ವ್ಯಾಪಾರ ಸೋಡಿ’, ‘ನಗದು ಸೋಡಿ’: ಎರಡಕ್ಕೂ ‘ರಿಯಾಯಿತಿ’ ಅಂದರೆ ಸಾಕೇ?

ಬಳ್ಳಾರಿಯಿಂದ:
ಜೀನ್ಸ್ ಹೊಲಿಯುವ ಘಟಕಗಳಿಗಾಗಿ ಲೆಕ್ಕದ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಾದರಿಗೆ ಡೆನಿಮ್ ಬಟ್ಟೆಯ ಒಂದು ಬಿಲ್ಲು ಇಟ್ಟುಕೊಂಡಿದ್ದೇನೆ. ಪಟ್ಟಿ ಬೆಲೆ 1,00,000 ರೂಪಾಯಿ, ಟ್ರೇಡ್ ಡಿಸ್ಕೌಂಟ್ 10%, ಉಳಿದದ್ದು 90,000 (ತೆರಿಗೆ ಬಿಟ್ಟು). ಕೆಳಗೆ `2/10, net 30` ಅಂತಿದೆ, ಅಂದರೆ 10 ದಿನದೊಳಗೆ ಕಟ್ಟಿದರೆ 2% ಕಡಿತ, ಇಲ್ಲದಿದ್ದರೆ 30 ದಿನದೊಳಗೆ ಪೂರ್ತಿ ಹಣ. ಎರಡನ್ನೂ ‘ರಿಯಾಯಿತಿ’ ಅಂದರೆ ಓದುವವರಿಗೆ ಗೊಂದಲ ಆಗುವುದಿಲ್ಲವೇ?

ರಾಯಚೂರಿನಿಂದ:
ಆಗುತ್ತದೆ. ಪಠ್ಯಗಳಲ್ಲಿರುವ ‘ವ್ಯಾಪಾರ ಸೋಡಿ’, ‘ನಗದು ಸೋಡಿ’ಗಳನ್ನೇ ಬಳಸಿ. ಮೊದಲನೆಯದು ಬೆಲೆಯಲ್ಲೇ ಕಳೆದುಹೋಗುತ್ತದೆ, ಖರೀದಿಯನ್ನು 90,000ಕ್ಕೇ ಬರೆಯುತ್ತೇವೆ, ಪುಸ್ತಕದಲ್ಲಿ ಅದಕ್ಕೆ ಬೇರೆ ಖಾತೆ ಇಲ್ಲ. ಎರಡನೆಯದು 10 ದಿನದೊಳಗೆ ಹಣ ಕಟ್ಟಿದವರಿಗೆ ಮಾತ್ರ. ಕಟ್ಟಿದ ದಿನ 1,800 ರೂಪಾಯಿಯನ್ನು ‘ಬಂದ ಸೋಡಿ’ ಖಾತೆಗೆ ಜಮಾ ಮಾಡಬೇಕು.

ಗಂಗಾವತಿಯಿಂದ:
ನಗದು ಸೋಡಿ ಅಂದರೆ ನೋಟು ಎಣಿಸಿ ಕೊಟ್ಟರೆ ಸಿಗುವುದಲ್ಲವೇ? ನಮ್ಮ ಅಕ್ಕಿ ಗಿರಣಿಯವರು ಗೋಣಿಚೀಲದ ಹಣವನ್ನು ಬ್ಯಾಂಕಿನಿಂದಲೇ ಕಳಿಸುತ್ತಾರೆ. ಹಾಗಾದರೆ ನಮಗೆ ಇದು ಲಾಗೂ ಆಗುವುದಿಲ್ಲ.

ರಾಯಚೂರಿನಿಂದ:
ಆಗುತ್ತದೆ ಸರ್. ಇಲ್ಲಿ ‘ನಗದು’ ಅಂದರೆ ಉದ್ರಿ ಅಲ್ಲದ್ದು, ಅಷ್ಟೇ. ಚೆಕ್ಕು, ಆರ್‌ಟಿಜಿಎಸ್ ಯಾವುದಾದರೂ ಸರಿ, ವಾಯಿದೆಯೊಳಗೆ ಮುಟ್ಟಬೇಕು. ನಿಮಗೆ ಬಂದ ಅನುಮಾನ ಎಲ್ಲರಿಗೂ ಬರುತ್ತದೆ, ಅದಕ್ಕೇ ನನಗೆ ‘ಬೇಗಪಾವತಿ ಸೋಡಿ’ ಹೆಚ್ಚು ಸ್ಪಷ್ಟ ಅನಿಸುತ್ತದೆ.

ಕೊಪ್ಪಳದಿಂದ:
ಹೆಸರು ಏನೇ ಇರಲಿ, ಬಿಟ್ಟರೆ ತಿಂಗಳಿಗೆ 2%, ವರ್ಷಕ್ಕೆ 24% ಬಡ್ಡಿ ಕೊಟ್ಟಂತೆ. ಇದನ್ನೂ ಕೈಪಿಡಿಯಲ್ಲಿ ಬರೆಯಿರಿ.

ರಾಯಚೂರಿನಿಂದ:
ದಾರಿ ಸರಿ, ಲೆಕ್ಕ ಕಡಿಮೆಯಾಯಿತು. ಮೊದಲ 10 ದಿನ ಹೇಗೂ ಪುಕ್ಕಟೆ. 1,800 ಬಿಟ್ಟುಕೊಟ್ಟು ನಾವು ಪಡೆಯುವುದು ಉಳಿದ 20 ದಿನ ಮಾತ್ರ. ಅದೂ 90,000ದ ಮೇಲಲ್ಲ, ಹತ್ತನೇ ದಿನ ಕಟ್ಟಬೇಕಿದ್ದ 88,200ರ ಮೇಲೆ:

```
(1800 / 88200) × (365 / 20) = 37.2%
```

ಇದು ಸರಳ ಬಡ್ಡಿ. ಬ್ಯಾಂಕಿನಲ್ಲಿ 12%ಕ್ಕೆ ಓವರ್‌ಡ್ರಾಫ್ಟ್ ಇದ್ದರೆ 88,200ಕ್ಕೆ 20 ದಿನದ ಬಡ್ಡಿ ಸುಮಾರು 580 ರೂಪಾಯಿ. ಸಾಲ ಮಾಡಿ ಹತ್ತನೇ ದಿನ ಕಟ್ಟಿದರೂ 1,220 ಉಳಿಯುತ್ತದೆ. ಬಿಲ್ಲಿನಲ್ಲಿ ‘ಬಡ್ಡಿ’ ಅನ್ನುವ ಮಾತೇ ಇಲ್ಲದ್ದರಿಂದ ಇದು ಕಣ್ಣಿಗೆ ಬೀಳುವುದಿಲ್ಲ. ಇನ್ನೊಂದು: ಹತ್ತು ದಿನ ದಾಟಿದ ಮೇಲೆ ಹನ್ನೆರಡನೇ ದಿನ ಗಡಿಬಿಡಿಯಲ್ಲಿ ಕಟ್ಟಬೇಡಿ. ಸೋಡಿ ಹೋಗಿಯೇ ಹೋಗಿದೆ, ಮೂವತ್ತನೇ ದಿನದವರೆಗೆ ಹಣ ಕೈಯಲ್ಲಿರಲಿ.

ಕೊಪ್ಪಳದಿಂದ:
20 ದಿನದ ಮಾತು ಒಪ್ಪಿದೆ. ಆದರೆ ಪೇಟೆಯಲ್ಲಿ 30 ಅಂದದ್ದು 60 ಆಗುತ್ತದಲ್ಲ? ಆಗ ಭಾಗಿಸುವುದು 50ರಿಂದ, ಬರುವುದು 15%ಕ್ಕಿಂತ ಸ್ವಲ್ಪ ಕಡಿಮೆ.

ರಾಯಚೂರಿನಿಂದ:
ಅಂಕಿ ಸರಿ. ಆದರೆ ವಾಯಿದೆ ಮೀರಿದವರಿಗೆ ಮುಂದಿನ ಬಿಲ್ಲಿನಲ್ಲಿ ಆ 10% ವ್ಯಾಪಾರ ಸೋಡಿಯೇ 8% ಆದರೆ? ಅದನ್ನು ಈ ಸೂತ್ರ ಹಿಡಿಯುವುದಿಲ್ಲ.

ಬಳ್ಳಾರಿಯಿಂದ:
‘ವ್ಯಾಪಾರ ಸೋಡಿ’, ‘ಬೇಗಪಾವತಿ ಸೋಡಿ’ ಅಂತ ಇಡುತ್ತೇನೆ. ಆ 37.2%ಕ್ಕೆ ‘ಸೋಡಿ ಬಿಟ್ಟ ಬಡ್ಡಿ’ ಅನ್ನಬಹುದೇ? ಇದಕ್ಕಿಂತ ಒಳ್ಳೆಯ ಪದ ಯಾರಿಗಾದರೂ ಹೊಳೆದರೆ ತಿಳಿಸಿ.