"ಸೊನ್ನೆ ಸಾಲು" ಅಂದ್ರೆ ಯಾವ ಸಾಲು?

ನಮಸ್ಕಾರ. ಪಿಯುಸಿ ಮಕ್ಕಳಿಗೆ ಪ್ರೋಗ್ರಾಮಿಂಗ್ ಟಿಪ್ಪಣಿ ಬರೆಯುತ್ತಿದ್ದೇನೆ, ಪದದ ತೊಡಕು ಬಂದಿದೆ. ಲೆಕ್ಕ ಇಷ್ಟೇ: ಮಾತೃಕೆಯಲ್ಲಿ ಎಲ್ಲಿ ಸೊನ್ನೆ ಇದೆಯೋ ಆ ಅಡ್ಡಸಾಲು, ಕಂಬಸಾಲು ಪೂರ್ತಿ ಸೊನ್ನೆ ಆಗಬೇಕು. ನೆನಪಿಟ್ಟುಕೊಳ್ಳಲು ಬೇರೆ ಪಟ್ಟಿ ಬೇಡ. `a[i][j]` ಸೊನ್ನೆಯಾಗಿದ್ದರೆ `a[i][0]`, `a[0][j]` ಎರಡರಲ್ಲೂ ಸೊನ್ನೆ ಹಾಕಿಟ್ಟರೆ ಅದೇ ಗುರುತು.

ಎಣಿಕೆ 0ಯಿಂದ ಶುರು ಅಲ್ವಾ, ಅದಕ್ಕೆ ಮೊದಲ ಸಾಲನ್ನು "ಸೊನ್ನೆ ಸಾಲು" ಎಂದು ಬರೆದೆ. ಒಬ್ಬ ಹುಡುಗ ಅದನ್ನು ಸೊನ್ನೆ ಮಾಡಬೇಕಾದ ಸಾಲು ಎಂದು ಓದಿಕೊಂಡು, ಮೊದಲು ಅದನ್ನೇ ಸೊನ್ನೆ ಮಾಡಿಬಿಟ್ಟ. ಎಲ್ಲ ಕಂಬಸಾಲಿಗೂ ಗುರುತು ಬಿದ್ದಂತಾಗಿ ಇಡೀ ಮಾತೃಕೆ ಸೊನ್ನೆ! ಏನೆನ್ನಲಿ? ಗುರುತನ್ನು "ಚಿಹ್ನೆ" ಅನ್ನಬಹುದೇ?

ನಿವೃತ್ತ ಗಣಿತ ಮೇಷ್ಟ್ರು: ಚಿಹ್ನೆ ಬೇಡಪ್ಪ, ಮಕ್ಕಳು ಕೂಡು ಕಳೆ ಚಿಹ್ನೆ ಅಂದುಕೊಳ್ತಾರೆ. ಗುರುತೇ ಸರಿ. "ಮೊದಲ ಅಡ್ಡಸಾಲು" ಅನ್ನಿ, ಗೊಂದಲ ಇರಲ್ಲ.



ಕಾಲೇಜು ವಿದ್ಯಾರ್ಥಿನಿ: ಸರ್, "ಗುರುತಿನ ಸಾಲು" ಅಂತ ಇಟ್ಟರೆ? ಮೂಲೆಯ ಮನೆ `a[0][0]` ಎರಡು ಸಾಲಿಗೂ ಸೇರಿದ್ದು, ಅದೊಂದೇ ಎರಡಕ್ಕೂ ಸಾಕು.

ಕೋಡ್ ಬರೆಯುವವರು: ಹೆಸರು ಚೆನ್ನಾಗಿದೆ ತಂಗಿ, ಆದರೆ ಮೂಲೆಮನೆ ಒಂದೇ ಸಾಲದು. ಇದನ್ನು ನೋಡು:

```
1 0 3
4 5 6
7 8 9
```

ಸೊನ್ನೆ ಇರುವುದು ಮೊದಲ ಅಡ್ಡಸಾಲಿನಲ್ಲಿ. ಅದರ ಗುರುತು ಮೂಲೆಮನೆಗೆ ಬೀಳುತ್ತದೆ. ಅದನ್ನೇ ಮೊದಲ ಕಂಬಸಾಲಿನ ಗುರುತೂ ಅಂತ ಓದಿದರೆ 4, 7 ಎರಡೂ ಸುಮ್ನೆ ಹೋಗಿಬಿಡುತ್ತವೆ. ಸರಿಯಾದ ಉತ್ತರದಲ್ಲಿ ಅವು ಉಳಿಯಬೇಕು:

```
0 0 0
4 0 6
7 0 9
```

ಅದಕ್ಕೇ ಮೂಲೆಮನೆಯನ್ನು ಅಡ್ಡಸಾಲಿಗೆ ಬಿಟ್ಟು, ಮೊದಲ ಕಂಬಸಾಲಿಗೆ `col0` ಅಂತ ಒಂದು ವೇರಿಯಬಲ್ ಬೇರೆ ಇಡುತ್ತೇವೆ. ಒಳಗಿನ ಮನೆಗಳನ್ನೆಲ್ಲ ಗುರುತು ನೋಡಿ ಮುಗಿಸಿದ ಮೇಲೆ ಮೊದಲ ಅಡ್ಡಸಾಲು, ಕೊನೆಗೆ ಮೊದಲ ಕಂಬಸಾಲು. ಆ ಹುಡುಗ ಎಡವಿದ್ದು ಈ ಸರದಿಯಲ್ಲೇ. ಹೆಸರು ಬದಲಿಸಿದ ಮಾತ್ರಕ್ಕೆ ಅದು ಸರಿಹೋಗಲ್ಲ.

ಮೇಷ್ಟ್ರು: ಹಾಗಾದರೆ ಕ್ರಿಯಾಪದವನ್ನೂ ಬೇರೆ ಮಾಡಿ. ಗುರುತಿಗೆ "ಸೊನ್ನೆ ಇಡು", ಬೊಟ್ಟು ಇಟ್ಟ ಹಾಗೆ. ಆಮೇಲಿನದಕ್ಕೆ "ಸೊನ್ನೆ ಮಾಡು". ಅಂದಹಾಗೆ, ಕಂಬಸಾಲಿಗಿಂತ ನೀಟಸಾಲು ನನಗಿಷ್ಟ.

ಕೇಳಿದವನು: ಇಡು, ಮಾಡು ಎರಡನ್ನೂ ತಗೊಂಡೆ, ಮೇಷ್ಟ್ರೇ. "ಗುರುತಿನ ಸಾಲು" ಕೂಡ. ನೀಟಸಾಲು ಮಾತ್ರ ನಮ್ಮ ಮಕ್ಕಳು ಕೇಳಿಲ್ಲ. ಬೇರೆ ಕಡೆ ತರಗತಿಯಲ್ಲಿ ಏನಂತಾರೆ?