ಹಾರ್ಮೋನ್ ಮಾತ್ರೆ ಬಿಡುವಾಗ ಡೋಸ್ ಇಳಿಸುವುದು ಹೇಗೆ?

ಪ್ರಶ್ನೆ (54 ವರ್ಷ, ಮೈಸೂರು): ಮುಟ್ಟು ನಿಂತ ಮೇಲೆ ಸೆಕೆ, ಬೆವರು ತಡೆಯೋಕಾಗದೆ 4 ವರ್ಷದಿಂದ ಎಸ್ಟ್ರಾಡಯಾಲ್ ವ್ಯಾಲರೇಟ್ 2 ಮಿ.ಗ್ರಾಂ., ರಾತ್ರಿ ಪ್ರೊಜೆಸ್ಟರಾನ್ 100 ಮಿ.ಗ್ರಾಂ. ತಗೊಳ್ತಿದ್ದೇನೆ. ಗರ್ಭಕೋಶ ಇದೆ. ಈಗ ಬಿಡಬೇಕು. ಹೇಗೆ ಇಳಿಸಲಿ? ಬಿಟ್ಟ ಮೇಲೆ ಏನಾಗುತ್ತದೆ?

ಸದಸ್ಯೆ, ಹಾಸನ: ಅಕ್ಕ, ನಾನು ದಿನ ಬಿಟ್ಟು ದಿನ ತಗೊಂಡು ಬಿಟ್ಟೆ. ನಿಧಾನಕ್ಕೆ ಬಿಟ್ಟರೆ ಸೆಕೆ ಮತ್ತೆ ಬರುವುದೇ ಇಲ್ಲ. ಮೊದಲು ಪ್ರೊಜೆಸ್ಟರಾನ್ ನಿಲ್ಲಿಸಿ, ಅದರಿಂದಲೇ ಬೆಳಿಗ್ಗೆ ಮಂಪರು.

ಸ್ತ್ರೀರೋಗ ತಜ್ಞೆ: ಪ್ರೊಜೆಸ್ಟರಾನ್ ಮೊದಲು ನಿಲ್ಲಿಸಬೇಡಿ. ಎಸ್ಟ್ರೋಜನ್ ಒಂದನ್ನೇ ತಗೊಂಡರೆ ಗರ್ಭಕೋಶದ ಒಳಪದರ ದಪ್ಪವಾಗುತ್ತದೆ, ಅದು ಕ್ಯಾನ್ಸರಿಗೂ ದಾರಿ. ಎಸ್ಟ್ರೋಜನ್ ನಿಲ್ಲುವ ದಿನದವರೆಗೂ ಅದು ಜೊತೆಗಿರಲಿ.

2 ಮಿ.ಗ್ರಾಂ. ಮಾತ್ರೆಯನ್ನು ದಿನ ಬಿಟ್ಟು ದಿನ ತಗೊಂಡರೆ ಒಂದು ದಿನ ಮಟ್ಟ ಏರುತ್ತೆ, ಮರುದಿನ ಬೀಳುತ್ತೆ. ಆ ಬೀಳುವ ಹೊತ್ತಿಗೇ ಸೆಕೆ ಬರಬಹುದು. ಅದಕ್ಕಿಂತ ದಿನಾ 1 ಮಿ.ಗ್ರಾಂ. ಮಾತ್ರೆಗೆ ಬದಲಿಸಿ, 2-3 ತಿಂಗಳು ನೋಡುವುದು ವಾಸಿ. ತೊಂದರೆ ಇಲ್ಲದಿದ್ದರೆ ಆಮೇಲೆ ನಿಲ್ಲಿಸಬಹುದು. ಬರೆದುಕೊಟ್ಟ ವೈದ್ಯರಿಗೆ ಹೇಳಿಯೇ ಶುರು ಮಾಡಿ.

ಸೆಕೆ ಬರುವುದೇ ಇಲ್ಲ ಅನ್ನುವ ಮಾತು ಅರ್ಧ ಸರಿ. ಇಳಿಸುತ್ತಾ ಬಿಟ್ಟರೆ ಮೊದಲ ಕೆಲವು ತಿಂಗಳು ಸುಲಭವಾಗಬಹುದು. ಆದರೆ ಕಾಲ ಕಳೆದ ಮೇಲೆ ನೋಡಿದರೆ, ಒಮ್ಮೆಲೇ ಬಿಟ್ಟವರಿಗೂ ಇವರಿಗೂ ವ್ಯತ್ಯಾಸ ಕಾಣುವುದಿಲ್ಲ. ಸುಮಾರು ಅರ್ಧದಷ್ಟು ಜನರಿಗೆ ಸೆಕೆ ಮರಳುತ್ತದೆ, ಹೆಚ್ಚಾಗಿ ಮೊದಲ ವಾರಗಳಲ್ಲೇ. ರಾತ್ರಿ ಬೆವರಿನಿಂದ ಎಚ್ಚರ, ಸಿಡುಕು, ಕೀಲುನೋವೂ ಬರಬಹುದು. 2-3 ತಿಂಗಳು ಕಾದು ನೋಡಿ. ಆಗಲೂ ತಡೆಯಲಾಗದಿದ್ದರೆ ಕಡಿಮೆ ಡೋಸ್‌ಗೆ ಮರಳುವುದು ತಪ್ಪಲ್ಲ. ಇಂಥ ವಯಸ್ಸಿಗೆ ಬಿಡಲೇಬೇಕು ಅಂತ ನಿಯಮವಿಲ್ಲ.

ಇನ್ನೊಬ್ಬ ಸದಸ್ಯೆ, ದುಬೈ: ನನ್ನ ಗರ್ಭಕೋಶ 41ಕ್ಕೇ ತೆಗೆದರು, ಅಂಡಾಶಯ ಸಮೇತ. ಈಗ 44. ಎಸ್ಟ್ರೋಜನ್ ಜೆಲ್ ಮಾತ್ರ ಹಚ್ಚುತ್ತೇನೆ. ನಾನೂ ಹೀಗೇ ಇಳಿಸಲಾ?

ತಜ್ಞೆ: ನಿಮ್ಮದು ಬೇರೆ ವಿಷಯ. ಮೂಳೆ, ಹೃದಯದ ದೃಷ್ಟಿಯಿಂದ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ, ಅಂದರೆ ಸುಮಾರು 50ರವರೆಗೆ, ಸಾಮಾನ್ಯವಾಗಿ ಮುಂದುವರಿಸುತ್ತೇವೆ. ಸುಮ್ನೆ ಬಿಡಬೇಡಿ.

ಕೇಳಿದವರು: ಥ್ಯಾಂಕ್ಸ್ ಮೇಡಂ. ಯೋನಿ ಒಣಗುವುದು, ಉರಿಮೂತ್ರ ಮೊದಲಿತ್ತು. ಅದೂ ಬರುತ್ತಾ?

ತಜ್ಞೆ: ಬರಬಹುದು. ಸೆಕೆಯ ಹಾಗೆ ಕಾಲ ಕಳೆದಂತೆ ತಾನಾಗಿ ಕಡಿಮೆಯಾಗುವ ತೊಂದರೆ ಅಲ್ಲ ಅದು. ಆಗ ಒಳಗೆ ಹಚ್ಚುವ ಎಸ್ಟ್ರಿಯಾಲ್ ಕ್ರೀಮ್ ಸಾಕು, ಮಾತ್ರೆಗೆ ಮರಳಬೇಕಿಲ್ಲ. ಮಾತ್ರೆ ಬಿಟ್ಟ ಮೇಲೆ ಮೂಳೆ ಸವೆತವೂ ಮತ್ತೆ ಶುರುವಾಗುತ್ತದೆ. ತಾಯಿಗೆ ಸೊಂಟದ ಮೂಳೆ ಮುರಿದಿದ್ದರೆ ಡೆಕ್ಸಾ ಸ್ಕ್ಯಾನ್ ಬಗ್ಗೆ ಕೇಳಿ.

ರಕ್ತ ಕಂಡರೆ ಮಾತ್ರ ಡೋಸ್ ಬದಲಾದದ್ದಕ್ಕೆ ಅಂತ ಬಿಡಬೇಡಿ, ಬಂದು ತೋರಿಸಿ. ಒಂದು ಕಾಲು ಊದಿ ನೋವು, ಎದೆನೋವು, ಉಸಿರಾಟದ ಕಷ್ಟ ಇದ್ದರೆ ಇಳಿಸುವ ಲೆಕ್ಕವೇ ಇಲ್ಲ. ಮಾತ್ರೆ ನಿಲ್ಲಿಸಿ, ನೇರ ಆಸ್ಪತ್ರೆಗೆ ಹೋಗಿ.

ಸದಸ್ಯೆ, ಹಾಸನ: ನನಗೆ ಈಗ ನಿದ್ದೆ ಸರಿ ಇಲ್ಲ. ಪ್ರೊಜೆಸ್ಟರಾನ್ ಬಿಟ್ಟಿದ್ದಕ್ಕಾ?

ತಜ್ಞೆ: ಇರಬಹುದು, ಕೆಲವರಿಗೆ ಅದು ನಿದ್ದೆ ತರಿಸುತ್ತದೆ. ಥೈರಾಯ್ಡೂ ಇರಬಹುದು. ಇಲ್ಲಿಂದಲೇ ಹೇಳಲಾಗದು, ಟಿಎಸ್‌ಎಚ್ ಮಾಡಿಸಿ.